ಸೋಲಿನ ಸಾಲು ಎಷ್ಟು ಉದ್ದ ಬರಬಹುದು? ಹತ್ತಕ್ಕೆ ನಾಲ್ಕು ಗೆಲ್ಲುವವರ ಲೆಕ್ಕ

ಷೇರು ಮಾರುಕಟ್ಟೆಯಲ್ಲಿ ಬ್ರೇಕ್‌ಔಟ್, ಅಂದರೆ ಬೆಲೆ ತನ್ನ ಹಳೆಯ ಮಿತಿ ದಾಟುವುದನ್ನು ನೋಡಿ ಟ್ರೇಡ್ ಮಾಡುವವರು ಹತ್ತರಲ್ಲಿ ನಾಲ್ಕು ಗೆದ್ದರೂ ಸಾಕು, ಹಣ ಉಳಿಯುತ್ತದೆ. ಸೋತಾಗ ಒಂದು ರೂಪಾಯಿ ಹೋಗಿ, ಗೆದ್ದಾಗ ಎರಡು ರೂಪಾಯಿ ಬಂದರೆ, ಹತ್ತು ಟ್ರೇಡ್‌ಗೆ ಎಂಟು ರೂಪಾಯಿ ಒಳಗೆ ಬರುತ್ತದೆ, ಆರು ರೂಪಾಯಿ ಹೊರಗೆ ಹೋಗುತ್ತದೆ. ಎರಡು ರೂಪಾಯಿ ಲಾಭ. ಬ್ರೋಕರೇಜ್, ಟ್ಯಾಕ್ಸ್ ಎಲ್ಲ ಕಳೆದ ಮೇಲೂ ಇಷ್ಟು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಇದು ಒಳ್ಳೆಯ ಪದ್ಧತಿ. ಈ ಬರಹ ಪೂರ್ತಿ ನಾನು ಇದೇ ಪದ್ಧತಿಯನ್ನು ಹಿಡಿದು ಮಾತಾಡುತ್ತೇನೆ: ವಿನ್ ರೇಟ್ ಶೇ. 40, ಗೆದ್ದರೆ ಎರಡು ಪಾಲು, ಸೋತರೆ ಒಂದು ಪಾಲು, ವರ್ಷಕ್ಕೆ 200 ಟ್ರೇಡ್.

ಈ ಪದ್ಧತಿ ಹಿಡಿದವರಲ್ಲಿ ಬಹಳ ಜನ ನಡುದಾರಿಯಲ್ಲೇ ಬಿಟ್ಟುಹೋಗುತ್ತಾರೆ. ಪದ್ಧತಿ ಕೆಟ್ಟದ್ದು ಅಂತಲ್ಲ. ಸತತ ಎಂಟು ಸಲ ಸೋತಾಗ ಅದು ಕೆಟ್ಟುಹೋಗಿದೆ ಅನ್ನಿಸುತ್ತದೆ, ಅಥವಾ ಅಷ್ಟರಲ್ಲಿ ಬಂಡವಾಳ ಅರ್ಧಕ್ಕೆ ಇಳಿದಿರುತ್ತದೆ. ಎರಡಕ್ಕೂ ಮೂಲ ಒಂದೇ. ಸೋಲಿನ ಸಾಲು ಎಷ್ಟು ಉದ್ದ ಬರುತ್ತದೆ ಅನ್ನುವ ಲೆಕ್ಕವನ್ನು ಮೊದಲೇ ಮಾಡಿರುವುದಿಲ್ಲ, ಅಥವಾ ಮಾಡಿದ್ದರೂ ತಪ್ಪಾಗಿ ಮಾಡಿರುತ್ತಾರೆ.

ಆ ತಪ್ಪು ಲೆಕ್ಕ ಹೀಗಿರುತ್ತದೆ. ಒಂದು ಟ್ರೇಡ್ ಸೋಲುವ ಸಾಧ್ಯತೆ 0.6. ಎಂಟು ಸಲ ಸತತ ಸೋಲಬೇಕಾದರೆ 0.6 ಅನ್ನು ಎಂಟು ಸಲ ಗುಣಿಸಬೇಕು. ಉತ್ತರ 0.0168, ಅಂದರೆ ಶೇ. 1.7. ನೂರಕ್ಕೆ ಎರಡು ಸಲವೂ ಇಲ್ಲವಲ್ಲ, ನನಗೆಲ್ಲಿ ಬರುತ್ತೆ ಅಂತ ಸಮಾಧಾನ. ಗುಣಾಕಾರ ಸರಿಯಾಗೇ ಇದೆ, ಪ್ರಶ್ನೆ ಮಾತ್ರ ಬೇರೆ. ಆ ಶೇ. 1.7 ಹೇಳುವುದು 'ನಾಳೆಯಿಂದ ಮಾಡುವ ಮೊದಲ ಎಂಟು ಟ್ರೇಡ್ ಪೂರ್ತಿ ಸೋಲುತ್ತೇನಾ' ಅನ್ನುವುದನ್ನು. ನಮಗೆ ಬೇಕಾದದ್ದು 'ವರ್ಷದಲ್ಲಿ ಎಲ್ಲಾದರೂ ಒಂದು ಕಡೆ ಸತತ ಎಂಟು ಸೋಲು ಬರುತ್ತದಾ' ಅನ್ನುವುದು. ಸಾಲು ಎಲ್ಲಿ ಬೇಕಾದರೂ ಶುರುವಾಗಬಹುದು. 200 ಟ್ರೇಡ್‌ನಲ್ಲಿ ಶುರುವಾಗುವುದಕ್ಕೆ ಎಷ್ಟೊಂದು ಜಾಗ ಇದೆ, ಅಲ್ವಾ?

ಎಷ್ಟು ಜಾಗ ಅಂತ ಕೈಯಲ್ಲೇ ಎಣಿಸಬಹುದು. ಸೋಲಿನ ಹೊಸ ಸಾಲು ಶುರುವಾಗಬೇಕಾದರೆ ಅದರ ಹಿಂದೆ ಒಂದು ಗೆಲುವು ಇರಬೇಕು. 200 ಟ್ರೇಡ್‌ನಲ್ಲಿ ಸರಾಸರಿ 80 ಗೆಲುವು. ಆ 80 ಗೆಲುವುಗಳ ಪೈಕಿ ಸುಮಾರು 48ರ ಬೆನ್ನಿಗೆ ಒಂದು ಸೋಲು ಇರುತ್ತದೆ. 48ರಲ್ಲಿ 29 ಕಡೆ ಎರಡನೇ ಸೋಲು. ಅದರಲ್ಲಿ 17 ಕಡೆ ಮೂರನೆಯದು. ಹೀಗೇ ಪ್ರತಿ ಸಲ 0.6ರಿಂದ ಗುಣಿಸುತ್ತಾ ಹೋಗಿ: ನಾಲ್ಕು ಸೋಲು 10 ಕಡೆ, ಐದು ಸೋಲು 6 ಕಡೆ, ಆರು ಸೋಲು 3.7, ಏಳು 2.2, ಎಂಟು 1.3, ಒಂಬತ್ತು 0.8, ಹತ್ತು 0.48.

ಈ ಸಂಖ್ಯೆ ಒಂದರ ಹತ್ತಿರ ಬರುವ ಜಾಗವನ್ನು ನೋಡಿ. ಎಂಟು ಮತ್ತು ಒಂಬತ್ತರ ನಡುವೆ ಇದೆ. ಈ ಪದ್ಧತಿಯಲ್ಲಿ ಒಂದು ವರ್ಷದ ಅತಿ ಉದ್ದದ ಸೋಲಿನ ಸಾಲು ಸಾಮಾನ್ಯವಾಗಿ ಎಂಟೋ ಒಂಬತ್ತೋ ಇರುತ್ತದೆ ಅಂತ ಅರ್ಥ. ಅದು ದುರದೃಷ್ಟದ ವರ್ಷವಲ್ಲ, ಮಾಮೂಲಿ ವರ್ಷ. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ 200 ಟ್ರೇಡ್‌ನಲ್ಲಿ ಒಮ್ಮೆಯಾದರೂ ಸತತ ಆರು ಸೋಲು ಬರುವ ಸಾಧ್ಯತೆ ಶೇ. 98ಕ್ಕಿಂತ ಜಾಸ್ತಿ. ಎಂಟು ಬರುವುದು ಶೇ. 75. ಹತ್ತು ಶೇ. 38. ಹನ್ನೆರಡು ಶೇ. 15. ಹದಿನೈದು ಶೇ. 3.5. ಶೇ. 1.7 ಅಂದುಕೊಂಡಿದ್ದು ನಿಜವಾಗಿ ಶೇ. 75.

ಮನುಷ್ಯರಿಗೆ ಈ ವಿಷಯದಲ್ಲಿ ಅಂದಾಜು ಸಿಗುವುದೇ ಇಲ್ಲ. ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ತರಗತಿಯಲ್ಲಿ ಮಾಡಿಸುವ ಒಂದು ಹಳೆಯ ಪ್ರಯೋಗ ಇದೆ. ಅರ್ಧ ಮಕ್ಕಳು ನಾಣ್ಯವನ್ನು ನಿಜವಾಗಿ 200 ಸಲ ಚಿಮ್ಮಿ ಬರೆಯಬೇಕು, ಇನ್ನರ್ಧ ಮಕ್ಕಳು ಚಿಮ್ಮದೆ ಸುಮ್ನೆ ಮನಸ್ಸಿಗೆ ಬಂದಂತೆ ಬರೆಯಬೇಕು. ಯಾರು ಯಾವುದು ಅಂತ ಮೇಷ್ಟ್ರು ಹಾಳೆ ನೋಡಿಯೇ ಹೇಳಿಬಿಡುತ್ತಾರೆ. ನಿಜವಾಗಿ ಚಿಮ್ಮಿದ ಹಾಳೆಯಲ್ಲಿ ತಲೆಯೋ ಬಾಲವೋ ಸತತ ಆರು ಸಲ ಬಂದಿರುವ ಸಾಧ್ಯತೆ ಶೇ. 96ಕ್ಕೂ ಜಾಸ್ತಿ. ಮನಸ್ಸಿನಿಂದ ಬರೆದವರು ನಾಲ್ಕು ಸಲ ತಲೆ ಬರೆದ ಕೂಡಲೇ ಬಾಲ ಬರೆಯುತ್ತಾರೆ. ಐದನೆಯದು ಅವರ ಕಣ್ಣಿಗೆ ಸುಳ್ಳಿನ ಹಾಗೆ ಕಾಣುತ್ತದೆ. ಟ್ರೇಡ್ ಮಾಡುವವರಿಗೂ ಐದನೇ ಸೋಲಿನ ಹೊತ್ತಿಗೆ ಇದೇ ಆಗುವುದು.

ವಿನ್ ರೇಟ್ ಜಾಸ್ತಿ ಇದ್ದರೆ ಸಾಲು ಚಿಕ್ಕದಾಗುತ್ತದೆ, ಆದರೆ ಇಲ್ಲದೆ ಹೋಗುವುದಿಲ್ಲ. ಹತ್ತರಲ್ಲಿ ಆರು ಗೆಲ್ಲುವವರಿಗೂ 200 ಟ್ರೇಡ್‌ನಲ್ಲಿ ಸತತ ಐದು ಸೋಲು ಬರುವ ಸಾಧ್ಯತೆ ಶೇ. 71. ಇನ್ನು ಟ್ರೇಡ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಸಾಲು ಉದ್ದವಾಗುತ್ತದೆ. ನಮ್ಮ ಶೇ. 40ರ ಪದ್ಧತಿಯನ್ನೇ ಐದು ವರ್ಷ, ಅಂದರೆ 1000 ಟ್ರೇಡ್ ನಡೆಸಿದರೆ ಸತತ ಹತ್ತು ಸೋಲು ಬರುವ ಸಾಧ್ಯತೆ ಶೇ. 91, ಹನ್ನೆರಡು ಶೇ. 58, ಹದಿನೈದು ಶೇ. 17. ಒಂದು ವರ್ಷದ ಮಟ್ಟಿಗೆ ಅಪರೂಪ ಅನ್ನಿಸಿದ್ದು ಐದು ವರ್ಷಕ್ಕೆ ಅಷ್ಟೇನೂ ಅಪರೂಪ ಅಲ್ಲ.

ನಿಮ್ಮ ಸಂಖ್ಯೆಗಳನ್ನು ನೀವೇ ಹಾಕಿ ನೋಡಬೇಕಾದರೆ ಈ ಪುಟ್ಟ ಪೈಥಾನ್ ಕೋಡ್ ಸಾಕು. `n` ಅಂದರೆ ಟ್ರೇಡ್‌ಗಳ ಸಂಖ್ಯೆ, `k` ಅಂದರೆ ಸಾಲಿನ ಉದ್ದ, `q` ಅಂದರೆ ಒಂದು ಟ್ರೇಡ್ ಸೋಲುವ ಸಾಧ್ಯತೆ.

```python
def streak(n, k, q):
    s = [1.0] + [0.0] * (k - 1)
    hit = 0.0
    for _ in range(n):
        hit += s[-1] * q
        s = [sum(s) * (1 - q)] + [x * q for x in s[:-1]]
    return hit

print(streak(200, 8, 0.6))
```

ಇದರಲ್ಲಿ ಗುಟ್ಟೇನೂ ಇಲ್ಲ. ಸದ್ಯಕ್ಕೆ ಸತತ ಎಷ್ಟು ಸೋಲಿನ ಮೇಲೆ ನಿಂತಿದ್ದೇವೆ ಅನ್ನುವುದರ ಸಾಧ್ಯತೆಗಳನ್ನು `s` ನೆನಪಿಟ್ಟುಕೊಳ್ಳುತ್ತದೆ. ಗೆದ್ದರೆ ಸೊನ್ನೆಗೆ ವಾಪಸ್, ಸೋತರೆ ಒಂದು ಮೆಟ್ಟಿಲು ಮುಂದೆ. `k` ಮುಟ್ಟಿದ್ದೆಲ್ಲ `hit` ಒಳಗೆ ಸೇರುತ್ತದೆ. ಓಡಿಸಿದರೆ 0.75ರ ಆಸುಪಾಸಿನ ಉತ್ತರ ಬರುತ್ತದೆ.

ಸರಿ, ಸಾಲು ಬರುತ್ತದೆ ಅಂತಾಯಿತು. ಬಂದಾಗ ನಾವು ಉಳಿದಿರುತ್ತೇವಾ ಅನ್ನುವುದು ಒಂದು ಟ್ರೇಡ್‌ನಲ್ಲಿ ಎಷ್ಟು ಪಣಕ್ಕಿಡುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಪಣ ಅಂದಾಗ ನಾನು ಹೇಳುತ್ತಿರುವುದು ಷೇರು ಕೊಳ್ಳಲು ಹಾಕಿದ ಒಟ್ಟು ದುಡ್ಡಲ್ಲ. ಸ್ಟಾಪ್ ಲಾಸ್, ಅಂದರೆ ನಷ್ಟ ನಿಲ್ಲಿಸಲು ಮೊದಲೇ ನಿಗದಿ ಮಾಡಿದ ಮಾರಾಟದ ಬೆಲೆ, ಹೊಡೆದರೆ ಕಳೆದುಕೊಳ್ಳುವ ದುಡ್ಡು. ಮೇಲೆ 'ಒಂದು ಪಾಲು' ಅಂದಿದ್ದು ಅದನ್ನೇ.

ಐದು ಲಕ್ಷ ರೂಪಾಯಿ ಬಂಡವಾಳ ಇಟ್ಟುಕೊಳ್ಳಿ. ಸತತ ಹದಿನೈದು ಸೋಲು ಬಂತು ಅಂತಿಟ್ಟುಕೊಳ್ಳಿ. ಪ್ರತಿ ಟ್ರೇಡ್‌ಗೆ ಉಳಿದ ಬಂಡವಾಳದ ಶೇ. 10 ಪಣಕ್ಕಿಟ್ಟವರ ಹತ್ತಿರ ಕೊನೆಗೆ ಉಳಿಯುವುದು ಸುಮಾರು ಒಂದು ಲಕ್ಷ ಮೂರು ಸಾವಿರ. ಅವರು ಮತ್ತೆ ಐದು ಲಕ್ಷ ನೋಡಬೇಕಾದರೆ ಇದ್ದ ದುಡ್ಡನ್ನು ಹತ್ತಿರ ಹತ್ತಿರ ಐದು ಪಟ್ಟು ಮಾಡಬೇಕು. ಶೇ. 5 ಇಟ್ಟವರಿಗೆ ಎರಡು ಲಕ್ಷ ಮೂವತ್ತೆರಡು ಸಾವಿರದ ಹತ್ತಿರ ಉಳಿಯುತ್ತದೆ, ಅವರು ಎರಡು ಪಟ್ಟಿಗಿಂತ ಜಾಸ್ತಿ ಮಾಡಬೇಕು. ಶೇ. 2 ಇಟ್ಟವರ ಹತ್ತಿರ ಮೂರು ಲಕ್ಷ ಅರವತ್ತೊಂಬತ್ತು ಸಾವಿರ ಇರುತ್ತದೆ. ಶೇ. 35 ಗಳಿಸಿದರೆ ಹಳೇ ಜಾಗಕ್ಕೆ ಬರುತ್ತಾರೆ. ಶೇ. 1 ಇಟ್ಟವರಿಗೆ ನಾಲ್ಕು ಲಕ್ಷ ಮೂವತ್ತು ಸಾವಿರ, ಶೇ. 16 ಗಳಿಸಿದರೆ ಸಾಕು. ನಾಲ್ಕೂ ಜನರ ಪದ್ಧತಿ ಒಂದೇ, ಮಾಡಿದ ಟ್ರೇಡ್ ಒಂದೇ, ಬಂದ ಸೋಲೂ ಒಂದೇ.

ಇಲ್ಲಿ ಕೆಲ್ಲಿ ಸೂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಈ ಸೂತ್ರ, ಬಂಡವಾಳ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯಲು ಎಷ್ಟು ಪಣಕ್ಕಿಡಬೇಕು ಅಂತ ಹೇಳುತ್ತದೆ. ನಮ್ಮ ಪದ್ಧತಿಗೆ ಅದು ಕೊಡುವ ಉತ್ತರ ಸರಿಯಾಗಿ ಶೇ. 10. ಗಣಿತದ ಪ್ರಕಾರ ಅದೇ ಅತ್ಯುತ್ತಮ. ಆದರೆ ಆ ಶೇ. 10ರಲ್ಲಿ ಹದಿನೈದು ಸೋಲು ಬಂದರೆ ಬಂಡವಾಳದ ಐದರಲ್ಲಿ ನಾಲ್ಕು ಭಾಗ ಹೋಗುವುದನ್ನು ಈಗಷ್ಟೇ ನೋಡಿದೆವು. ಅದೂ ಅಲ್ಲದೆ ಶೇ. 20ಕ್ಕೆ ಏರಿಸಿದರೆ ದೀರ್ಘಕಾಲದ ಬೆಳವಣಿಗೆ ಹೆಚ್ಚು ಕಡಿಮೆ ಸೊನ್ನೆ. ಗೆಲ್ಲುವ ಪದ್ಧತಿಯನ್ನೇ ಹಿಡಿದು, ಬರೀ ಪಣ ಜಾಸ್ತಿ ಇಟ್ಟಿದ್ದಕ್ಕೆ ಏನೂ ಗಳಿಸದೆ ಹೋಗಬಹುದು. ಕೆಲ್ಲಿ ಕೊಡುವ ಸಂಖ್ಯೆಯನ್ನು ನಾನು ದಾಟಬಾರದ ಗಡಿ ಅಂತ ಓದುತ್ತೇನೆ. ಹೋಗಿ ಮುಟ್ಟಬೇಕಾದ ಗುರಿ ಅಂತ ಅಲ್ಲ.

ಹಾಗಾದರೆ ಎಷ್ಟು ಇಡಬೇಕು? ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು. ಮೊದಲು, ಎಷ್ಟು ಉದ್ದದ ಸಾಲಿಗೆ ತಯಾರಾಗಬೇಕು ಅಂತ ತೀರ್ಮಾನಿಸಿ. ನಾನು ಐದು ವರ್ಷದ ಟ್ರೇಡ್‌ಗಳನ್ನು ಹಿಡಿದು ಹದಿನೈದು ಅಂತ ಇಟ್ಟುಕೊಳ್ಳುತ್ತೇನೆ. ಆಮೇಲೆ, ಬಂಡವಾಳ ಎಷ್ಟು ಕುಸಿದರೂ ರಾತ್ರಿ ನಿದ್ದೆ ಮಾಡಿ ಬೆಳಗ್ಗೆ ಎದ್ದು ಮುಂದಿನ ಟ್ರೇಡ್ ಹಾಕಬಲ್ಲೆ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಶೇ. 20 ಅಂತಿರಲಿ. ಹದಿನೈದು ಸೋಲಿನ ಮೇಲೆ ಶೇ. 80 ಉಳಿಯಬೇಕು. 0.80ರ ಹದಿನೈದನೇ ಮೂಲ 0.985. ಅಲ್ಲಿಗೆ ಪ್ರತಿ ಟ್ರೇಡ್‌ಗೆ ಶೇ. 1.5. ಪೈಥಾನ್‌ನಲ್ಲಿ ಹೀಗೆ ಬರೆದರೆ ಆಯಿತು:

```
1 - 0.80 ** (1/15)
```

ಐದು ಲಕ್ಷಕ್ಕೆ ಶೇ. 1.5 ಅಂದರೆ ₹7,500. ಈಗ ಒಂದು ಟ್ರೇಡ್ ನೋಡೋಣ. ಒಂದು ಷೇರು ₹640ಕ್ಕೆ ಬ್ರೇಕ್‌ಔಟ್ ಆಗಿದೆ, ಚಾರ್ಟ್ ನೋಡಿದರೆ ಸ್ಟಾಪ್ ಲಾಸ್ ₹608ರಲ್ಲಿ ಇರಬೇಕು. ಒಂದು ಷೇರಿಗೆ ₹32 ಪಣ. 7,500 ಭಾಗಿಸು 32, ಅಂದರೆ 234 ಷೇರು. ಒಟ್ಟು ಖರೀದಿ ಸುಮಾರು ಒಂದೂವರೆ ಲಕ್ಷ. ಅದೇ ಷೇರಿನಲ್ಲಿ ಸ್ಟಾಪ್ ಲಾಸ್ ₹576ರಲ್ಲಿ ಇಡಬೇಕಾಗಿ ಬಂದರೆ ಪಣ ₹64 ಆಗುತ್ತದೆ, ಕೊಳ್ಳುವುದು 117 ಷೇರು ಮಾತ್ರ. ಮೊದಲು ಸ್ಟಾಪ್ ಲಾಸ್, ಅದರಿಂದ ಷೇರಿನ ಸಂಖ್ಯೆ. ಬಹಳ ಜನ ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು 500 ಷೇರು ಅಂತ ನಿಶ್ಚಯಿಸಿ, ಆಮೇಲೆ ನಷ್ಟ ಕಡಿಮೆ ಆಗಲಿ ಅಂತ ಸ್ಟಾಪ್ ಲಾಸನ್ನು ಬೆಲೆಯ ಹತ್ತಿರಕ್ಕೆ ಎಳೆಯುತ್ತಾರೆ. ಹಾಗೆ ಎಳೆದ ಸ್ಟಾಪ್ ದಿನದ ಮಾಮೂಲಿ ಏರಿಳಿತಕ್ಕೇ ಹೊಡೆಯುತ್ತದೆ. ವಿನ್ ರೇಟ್ ಇಳಿಯುತ್ತದೆ, ಸೋಲಿನ ಸಾಲು ಇನ್ನೂ ಉದ್ದವಾಗುತ್ತದೆ.

ಷೇರಿನಲ್ಲಾದರೆ 234 ಬೇಕೆಂದರೆ 234 ಕೊಳ್ಳಬಹುದು. ಫ್ಯೂಚರ್ಸ್‌ನಲ್ಲಿ ಲಾಟ್ ಅಡ್ಡ ಬರುತ್ತದೆ, ಅಲ್ಲಿ ನಿಗದಿಯಾದ ಗುಂಪಿನ ಲೆಕ್ಕದಲ್ಲೇ ಕೊಳ್ಳಬೇಕು. 2024ರ ನವೆಂಬರ್‌ನಲ್ಲಿ ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿತು. 30 ಪಾಯಿಂಟ್ ಸ್ಟಾಪ್ ಇಟ್ಟು ಒಂದು ಲಾಟ್ ಮಾಡುತ್ತಿದ್ದವರ ಪಣ ₹750 ಇದ್ದದ್ದು ಒಂದೇ ಏಟಿಗೆ ₹2,250 ಆಯಿತು. ಶೇ. 1.5ರ ಲೆಕ್ಕದಲ್ಲಿ ಮೊದಲು ಐವತ್ತು ಸಾವಿರ ಬಂಡವಾಳಕ್ಕೆ ಒಗ್ಗುತ್ತಿದ್ದ ಪಣಕ್ಕೆ ಆಗ ಒಂದೂವರೆ ಲಕ್ಷ ಬೇಕಾಯಿತು. ಇದು ಮಾರ್ಜಿನ್ ಮಾತಲ್ಲ, ಮಾರ್ಜಿನ್ ಇನ್ನೂ ಬೇರೆ. ಅರ್ಧ ಲಾಟ್ ಅಂತ ಒಂದಿಲ್ಲ. ಲೆಕ್ಕದ ಪ್ರಕಾರ 0.33 ಲಾಟ್ ಅಂತ ಬಂದರೆ ಉತ್ತರ ಸೊನ್ನೆ, ಒಂದಲ್ಲ. 'ಪರವಾಗಿಲ್ಲ, ಒಂದೇ ಲಾಟ್ ತಾನೇ' ಅನ್ನುವವರು ತಮಗೆ ಗೊತ್ತಿಲ್ಲದೆಯೇ ಶೇ. 4, ಶೇ. 5ರ ಮನೆಗೆ ಹೋಗಿಬಿಟ್ಟಿರುತ್ತಾರೆ.

ಸೋತ ಮೇಲೆ ಪಣ ದುಪ್ಪಟ್ಟು ಮಾಡುವವರ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಐದು ಲಕ್ಷ ಇಟ್ಟುಕೊಂಡು ಬರೀ ಶೇ. 1, ಅಂದರೆ ₹5,000ದಿಂದ ಶುರು ಮಾಡಿದರೂ ಆರು ಸೋಲಿಗೆ ₹3,15,000 ಹೋಗಿರುತ್ತದೆ. ಏಳನೇ ಸಲಕ್ಕೆ ₹3,20,000 ಬೇಕು, ಕೈಯಲ್ಲಿರುವುದು ₹1,85,000. ಕಥೆ ಮುಗಿಯಿತು. ಸತತ ಆರು ಸೋಲು ಒಂದು ವರ್ಷದಲ್ಲಿ ಬರುವ ಸಾಧ್ಯತೆ ಮೇಲೆ ಹೇಳಿದಂತೆ ಶೇ. 98ಕ್ಕಿಂತ ಜಾಸ್ತಿ. ಬಿದ್ದ ಷೇರನ್ನು ಆವರೇಜ್ ಮಾಡುತ್ತಾ ಹೋಗುವುದೂ ಒಳಗಿಂದ ಇದೇ ಲೆಕ್ಕ.

ಇಷ್ಟರವರೆಗೆ ನಾನು ಹೇಳಿದ್ದು ಸುಲಭದ ಭಾಗ. ಶೇ. 1.5 ಇಟ್ಟವರು ಹದಿನೈದು ಸೋಲನ್ನು ತಾಳಿಕೊಳ್ಳುತ್ತಾರೆ, ನಿಜ. ಆದರೆ ಬಂಡವಾಳ ಹದಿನೈದು ಪಾಲು ಕೆಳಗೆ ಹೋಗಲು ಸತತ ಹದಿನೈದು ಸೋಲೇ ಬೇಕಾಗಿಲ್ಲ. ಏಳು ಸೋಲು, ಒಂದು ಗೆಲುವು, ಆರು ಸೋಲು, ಒಂದು ಗೆಲುವು, ಮತ್ತೆ ಆರು ಸೋಲು. ಕೂಡಿ ಕಳೆದು ನೋಡಿ: ಹತ್ತೊಂಬತ್ತು ಪಾಲು ಹೋಗಿದೆ, ನಾಲ್ಕು ಬಂದಿದೆ. ಮೈನಸ್ ಹದಿನೈದು. ಅತಿ ಉದ್ದದ ಸಾಲು ಬರೀ ಏಳು, ಆದರೂ ತಲುಪಿದ್ದು ಅದೇ ತಳಕ್ಕೆ. ನಿಜವಾದ ಟ್ರೇಡ್ ಪುಸ್ತಕಗಳಲ್ಲಿ ಬಂಡವಾಳದ ದೊಡ್ಡ ಇಳಿತಗಳು, ಅಂದರೆ ಡ್ರಾಡೌನ್‌ಗಳು, ಹೆಚ್ಚಾಗಿ ಹೀಗೇ ಕಾಣುತ್ತವೆ. ನಡುವೆ ಒಂದೊಂದು ಗೆಲುವು ಬಂದು ಆಸೆ ತೋರಿಸಿ ಹೋಗುತ್ತದೆ.

ಇದಕ್ಕೂ ಒಂದು ಅಚ್ಚುಕಟ್ಟಾದ ಲೆಕ್ಕ ಇದೆ. ಈಗ ನಿಂತ ಜಾಗದಿಂದ ಮುಂದೆ ಎಂದಾದರೂ ಒಂದು ಪಾಲು ಕೆಳಗೆ ಹೋಗುವ ಸಾಧ್ಯತೆಯನ್ನು s ಅನ್ನೋಣ. ಮೊದಲ ಟ್ರೇಡ್ ಸೋತರೆ (0.6) ಅಲ್ಲೇ ಹೋದೆವು. ಗೆದ್ದರೆ (0.4) ಎರಡು ಪಾಲು ಮೇಲೆ ಹೋಗಿರುತ್ತೇವೆ, ಅಲ್ಲಿಂದ ಮೂರು ಪಾಲು ಇಳಿಯಬೇಕು.

```
s = 0.6 + 0.4 * s**3
```

ಇದರ ಉತ್ತರ 0.823. ಅಂದರೆ ಪ್ರತಿ ಪಾಲು ಇಳಿತಕ್ಕೂ 0.823ರಿಂದ ಗುಣಿಸಬೇಕು. ಶುರುವಿನ ಬಂಡವಾಳಕ್ಕಿಂತ ಎಂದಾದರೂ ಹತ್ತು ಪಾಲು ಕೆಳಗೆ ಹೋಗುವ ಸಾಧ್ಯತೆ ಶೇ. 14, ಹದಿನೈದು ಪಾಲು ಶೇ. 5.4, ಇಪ್ಪತ್ತು ಪಾಲು ಶೇ. 2. ಶುರುವಿನಲ್ಲೇ ಸತತ ಹದಿನೈದು ಸೋಲುವುದು ಶೇ. 0.05 ಮಾತ್ರ. ಅದೇ ತಳವನ್ನು ತುಂಡು ತುಂಡಾಗಿ ತಲುಪುವುದು ಅದರ ನೂರು ಪಟ್ಟು ಸಾಮಾನ್ಯ. ಇದು ಶುರುವಿನ ಜಾಗದಿಂದ ಅಳೆದ ಲೆಕ್ಕ. ಮೇಲೆ ಹೋದ ಶಿಖರದಿಂದ ಅಳೆದರೆ ಇಳಿತ ಇನ್ನೂ ಜಾಸ್ತಿ ಸಲ ಸಿಗುತ್ತದೆ, ಯಾಕೆಂದರೆ ಪ್ರತಿ ಹೊಸ ಶಿಖರವೂ ಒಂದು ಹೊಸ ಶುರು. ಹಾಗಾಗಿ ಸೋಲಿನ ಸಾಲನ್ನು ಮಾತ್ರ ನೋಡಿ ನಿಶ್ಚಯಿಸಿದ ಶೇ. 1.5 ನನ್ನ ಪ್ರಕಾರ ಮೇಲಿನ ಮಿತಿ. ಶೇ. 1ಕ್ಕೆ ಇಳಿಸಿದರೂ ತಪ್ಪಿಲ್ಲ.

ಅಕ್ಕನ ಮಗ ಒಂದು ದಿನ ಫೋನ್ ಮಾಡಿದ. "ಮಾಮ, ಹತ್ತು ಸಲ ಸತತ ಸೋತಿದೀನಿ. ಸಿಸ್ಟಮ್ ಕೆಟ್ಟೋಯ್ತು ಅನ್ಸುತ್ತೆ, ಬಿಟ್ಬಿಡ್ಲಾ?" ಅಂದ. ಅವನದೂ ಬ್ರೇಕ್‌ಔಟ್ ಪದ್ಧತಿಯೇ, ವಿನ್ ರೇಟ್ ಶೇ. 40ರ ಆಸುಪಾಸು. "ಹತ್ತು ಸೋಲು ವರ್ಷಕ್ಕೆ ಶೇ. 38 ಬರೋದೇ ಕಣೋ, ಅದರಿಂದ ಏನೂ ಗೊತ್ತಾಗಲ್ಲ. ಶೀಟ್ ಕಳಿಸು ನೋಡೋಣ" ಅಂದೆ. ಶೀಟ್ ಬಂದ ಮೇಲೆ ಒಂದೇ ಒಂದು ಕಾಲಂ ಸೇರಿಸಿದೆ: ಹಿಂದಿನ ಟ್ರೇಡ್ ಏನಾಗಿತ್ತು? ಗೆದ್ದ ಟ್ರೇಡ್‌ಗಳ ಮರು ಟ್ರೇಡ್‌ನಲ್ಲಿ ಸೋಲು ಎಷ್ಟು, ಸೋತ ಟ್ರೇಡ್‌ಗಳ ಮರು ಟ್ರೇಡ್‌ನಲ್ಲಿ ಸೋಲು ಎಷ್ಟು ಅಂತ ಬೇರೆ ಬೇರೆ ಎಣಿಸಿದೆ. ನಾಣ್ಯದ ಹಾಗೆ ಒಂದಕ್ಕೊಂದು ಸಂಬಂಧ ಇಲ್ಲದ ಟ್ರೇಡ್‌ಗಳಾಗಿದ್ದರೆ ಎರಡೂ ಕಡೆ ಶೇ. 60ರ ಸುತ್ತಮುತ್ತ ಇರಬೇಕು. ಅವನದು ಗೆಲುವಿನ ನಂತರ ಶೇ. 45ರ ಹತ್ತಿರ, ಸೋಲಿನ ನಂತರ ಶೇ. 70ರ ಹತ್ತಿರ ಇತ್ತು.

ಒಟ್ಟು ವಿನ್ ರೇಟ್ ಮಾತ್ರ ಶೇ. 40ರಲ್ಲೇ ಇದೆ ನೋಡಿ. ಆದರೆ ಸೋಲುಗಳು ಗುಂಪು ಗುಂಪಾಗಿ ಬರುತ್ತಿವೆ. ಈ ಸಂಖ್ಯೆಗಳನ್ನು ಹಾಕಿದರೆ 200 ಟ್ರೇಡ್‌ನಲ್ಲಿ ಸತತ ಹತ್ತು ಸೋಲಿನ ಸಾಧ್ಯತೆ ಶೇ. 38ರಿಂದ ಸುಮಾರು ಶೇ. 78ಕ್ಕೆ ಜಿಗಿಯುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಾರುಕಟ್ಟೆ ಒಂದು ದಿಕ್ಕಿಗೆ ಹೋಗುವಾಗ ಬ್ರೇಕ್‌ಔಟ್‌ಗಳು ಸಾಲಾಗಿ ಗೆಲ್ಲುತ್ತವೆ. ವಾರಗಟ್ಟಲೆ ಅಲ್ಲಲ್ಲೇ ಸುತ್ತುವಾಗ ಪ್ರತಿ ಬ್ರೇಕ್‌ಔಟೂ ಸುಳ್ಳಾಗಿ ವಾಪಸ್ ಬರುತ್ತದೆ. ಪದ್ಧತಿ ಕೆಟ್ಟಿರಲಿಲ್ಲ. ನಾಣ್ಯದ ಲೆಕ್ಕ ಮಾತ್ರ ಅವನ ಟ್ರೇಡ್‌ಗಳಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಈ ಕಾಲಂ ಸೇರಿಸುವುದು ಹತ್ತು ನಿಮಿಷದ ಕೆಲಸ. ನಿಮ್ಮ ಶೀಟ್‌ನಲ್ಲೂ ಮಾಡಿ ನೋಡಿ. ಸೋಲಿನ ನಂತರದ ಸಂಖ್ಯೆ ಗೆಲುವಿನ ನಂತರದ್ದಕ್ಕಿಂತ ಬಹಳ ಜಾಸ್ತಿ ಇದ್ದರೆ, ಮೇಲಿನ ಕೋಡ್ ಕೊಡುವ ಉತ್ತರ ನಿಮಗೆ ಕಡಿಮೆ ಅಂತ ತಿಳಿಯಿರಿ. ಇಪ್ಪತ್ತು ಮೂವತ್ತು ಟ್ರೇಡ್‌ಗೆ ಮಾತ್ರ ಇದನ್ನು ಮಾಡಬೇಡಿ, ಅಷ್ಟರಲ್ಲಿ ಅಂತರ ಸುಮ್ನೆ ಕಾಕತಾಳೀಯವಾಗಿಯೂ ಕಾಣುತ್ತದೆ.

ಗುಂಪಾಗಿ ಬರುವುದಕ್ಕೆ ಇನ್ನೊಂದು ದಾರಿ ಇದೆ. ಒಂದೇ ದಿನ ಐದು ಬ್ಯಾಂಕ್ ಷೇರುಗಳಲ್ಲಿ ಎಂಟ್ರಿ ಮಾಡಿದರೆ ಅದು ಐದು ಟ್ರೇಡ್ ಅಲ್ಲ, ಐದು ಪಟ್ಟು ದೊಡ್ಡದಾದ ಒಂದೇ ಟ್ರೇಡ್. ಬ್ಯಾಂಕ್ ಸೂಚ್ಯಂಕ ಬಿದ್ದರೆ ಐದೂ ಒಟ್ಟಿಗೆ ಸೋಲುತ್ತವೆ. 2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಒಂದೇ ದಿನದಲ್ಲಿ ಸುಮಾರು ಶೇ. 6 ಬಿತ್ತು. ಹಿಂದಿನ ದಿನವಷ್ಟೇ ಎಕ್ಸಿಟ್ ಪೋಲ್ ನಂಬಿ ಶೇ. 3ಕ್ಕಿಂತ ಜಾಸ್ತಿ ಏರಿತ್ತು. ಆ ಏರಿಕೆಯಲ್ಲಿ ಬ್ರೇಕ್‌ಔಟ್ ಹಿಡಿದವರಿಗೆ ಎಂಟು ಹತ್ತು ಸೋಲಿನ ಸಾಲು ಒಂದೇ ಬೆಳಗ್ಗೆ ಬರಬಹುದಾಗಿತ್ತು. ಬೆಲೆ ಜಿಗಿದು ಕೆಳಗೆ ತೆರೆದಾಗ ₹608ರ ಸ್ಟಾಪ್ ₹608ಕ್ಕೇ ಮಾರಾಟವಾಗುತ್ತದೆ ಅಂತ ಗ್ಯಾರಂಟಿ ಇಲ್ಲ, ₹590ಕ್ಕೆ ಆಗಬಹುದು. ಆಗ ಒಂದು ಪಾಲು ಅಂದುಕೊಂಡಿದ್ದು ಒಂದೂವರೆ ಪಾಲು. ಅದಕ್ಕೇ ಪ್ರತಿ ಟ್ರೇಡ್‌ಗೆ ಮಿತಿ ಇರುವ ಹಾಗೆ, ಒಂದೇ ಹೊತ್ತಿನಲ್ಲಿ ತೆರೆದಿರುವ ಎಲ್ಲ ಟ್ರೇಡ್‌ಗಳಿಗೂ ಸೇರಿ ಒಂದು ಮಿತಿ ಬೇಕು. ನಾನು ಒಟ್ಟು ಶೇ. 5, ಒಂದೇ ವಲಯದ ಷೇರುಗಳಲ್ಲಿ ಶೇ. 2 ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಶೇ. 40 ಅನ್ನುವ ವಿನ್ ರೇಟೇ ಎಷ್ಟು ನಂಬಿಕೆಗೆ ಅರ್ಹ? ನೂರು ಟ್ರೇಡ್‌ನಲ್ಲಿ ನಲವತ್ತು ಗೆದ್ದಿದ್ದೀರಿ ಅಂದರೆ, ನಿಮ್ಮ ನಿಜವಾದ ವಿನ್ ರೇಟ್ ಶೇ. 30ರಿಂದ 50ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನೂರು ಟ್ರೇಡ್ ಅದಕ್ಕಿಂತ ಸಣ್ಣದಾಗಿ ಅಳೆಯಲಾರದು. ನಿಜವಾದದ್ದು ಶೇ. 35 ಆಗಿದ್ದರೂ ಈ ಪದ್ಧತಿ ಸ್ವಲ್ಪ ಲಾಭದಲ್ಲೇ ಇರುತ್ತದೆ, ಆದರೆ ಸತತ ಹತ್ತು ಸೋಲಿನ ಸಾಧ್ಯತೆ ಶೇ. 62ಕ್ಕೆ, ಹದಿನೈದು ಸೋಲಿನದು ಸುಮಾರು ಶೇ. 10ಕ್ಕೆ ಏರುತ್ತದೆ. ಅದಕ್ಕೆ ಪಣದ ಗಾತ್ರ ನಿಶ್ಚಯಿಸುವಾಗ ಶೀಟ್ ತೋರಿಸುವ ವಿನ್ ರೇಟ್‌ನಿಂದ ಐದು ಕಳೆದು ಲೆಕ್ಕ ಹಾಕುವುದು ಒಳ್ಳೆಯದು.

ಸಾಲು ನಡೆಯುತ್ತಿರುವಾಗ ಏನು ಮಾಡಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ನಿಯಮ ಚಿಕಾಗೋದ ರಿಚರ್ಡ್ ಡೆನ್ನಿಸ್ 1983ರಲ್ಲಿ ತರಬೇತಿ ಶುರು ಮಾಡಿದ 'ಟರ್ಟಲ್' ಗುಂಪಿನದು. ಅವರು ಸರಕು ಫ್ಯೂಚರ್ಸ್‌ನಲ್ಲಿ ಬ್ರೇಕ್‌ಔಟ್ ಹಿಡಿಯುತ್ತಿದ್ದವರು, ಉದ್ದದ ಸೋಲಿನ ಸಾಲು ಅವರಿಗೆ ಮಾಮೂಲು. ಖಾತೆ ಶೇ. 10 ಇಳಿದರೆ, ಖಾತೆ ಶೇ. 20 ಇಳಿದಿದೆ ಅಂತಲೇ ಲೆಕ್ಕ ಹಾಕಿ ಪಣ ಇಡಬೇಕು ಅನ್ನುವುದು ಅವರ ನಿಯಮ. ಅಲ್ಲಿಂದ ಮತ್ತೆ ಶೇ. 10 ಇಳಿದರೆ ಮತ್ತೊಂದು ಶೇ. 20 ಕಡಿತ.

ನಮ್ಮ ಐದು ಲಕ್ಷಕ್ಕೆ ಹಾಕಿ ನೋಡೋಣ. ₹7,500ರಂತೆ ಏಳು ಸೋಲಿಗೆ ₹52,500 ಹೋಯಿತು, ಶೇ. 10 ದಾಟಿತು. ಈಗ ಬಂಡವಾಳ ನಾಲ್ಕು ಲಕ್ಷ ಅಂತ ಇಟ್ಟುಕೊಂಡು ಪಣ ₹6,000. ಇನ್ನೂ ಏಳು ಸೋಲಿಗೆ ₹42,000 ಹೋಗುತ್ತದೆ, ಎರಡನೇ ಕಡಿತ. ಈಗ 3,20,000ದ ಲೆಕ್ಕ, ಪಣ ₹4,800. ಹದಿನೈದನೇ ಸೋಲಿನ ಹೊತ್ತಿಗೆ ಒಟ್ಟು ನಷ್ಟ ₹99,300. ಪಣ ಬದಲಿಸದೆ ₹7,500ರಲ್ಲೇ ನಿಂತವರಿಗೆ ₹1,12,500. ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಸಾಲು, ತುಂಡಾಗಿಯೋ ಇಡಿಯಾಗಿಯೋ, ಇಪ್ಪತ್ತೈದು ಪಾಲಿನವರೆಗೆ ಹೋದರೆ ಇವರದು ಸುಮಾರು ₹1,43,000ದಲ್ಲಿ ಇರುತ್ತದೆ, ಅವರದು ₹1,87,500 ಆಗಿರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪ್ರತಿ ಟ್ರೇಡ್‌ಗೆ ಸರಾಸರಿ ಲಾಭ ಪಾಲಿನ ಐದರಲ್ಲಿ ಒಂದು ಭಾಗ. ₹7,500ರ ಪಣದಲ್ಲಿ ಅದು ₹1,500, ₹4,800ರ ಪಣದಲ್ಲಿ ₹960. ಹದಿನೈದು ಸೋಲಿನ ಗುಂಡಿಯಿಂದ ಮೇಲೆ ಬರಲು ಪಣ ಬದಲಿಸದವರಿಗೆ ಸರಾಸರಿ 75 ಟ್ರೇಡ್ ಬೇಕಾದರೆ, ಕಡಿಮೆ ಪಣದಲ್ಲೇ ಮುಂದುವರಿದವರಿಗೆ ನೂರಕ್ಕಿಂತ ಜಾಸ್ತಿ ಬೇಕು. ನಮ್ಮ ವೇಗದಲ್ಲಿ ಅದು ಅರ್ಧ ವರ್ಷ. ಸೋಲುಗಳು ಗುಂಪಾಗಿ ಬರುತ್ತವೆ ಅಂತ ಶೀಟ್ ತೋರಿಸುತ್ತಿದ್ದರೆ ಆ ಅರ್ಧ ವರ್ಷವನ್ನು ನಾನು ಕೊಡುತ್ತೇನೆ. ಸೋಲಿನ ನಂತರವೂ ಗೆಲುವಿನ ನಂತರವೂ ಶೇ. 60 ಅಂತಲೇ ತೋರಿಸುತ್ತಿದ್ದರೆ ಕಡಿತ ಮಾಡುವುದಿಲ್ಲ, ಉಳಿದ ಬಂಡವಾಳದ ಶೇ. 1.5 ಎಷ್ಟು ಬರುತ್ತದೋ ಅಷ್ಟನ್ನೇ ಇಡುತ್ತೇನೆ. ಅಕ್ಕನ ಮಗನಿಗೆ ಕಡಿತದ ನಿಯಮವನ್ನೇ ಹಾಕಿಕೊಟ್ಟೆ.